ಮೊಟ್ಟೆ ಫ್ರಿಜ್ಜಿನಲ್ಲೋ, ಹೊರಗೋ?

ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಮೊಟ್ಟೆ ಬೇಕೆಂದರೆ ಹಾಲು, ಮೊಸರು ಇಟ್ಟಿರುವ ತಣ್ಣನೆಯ ಕಪಾಟಿನ ಕಡೆಗೆ ಹೋಗಬೇಕು. ಲಂಡನ್ನಿನ ಅಂಗಡಿಯಲ್ಲಿ ಅದೇ ಮೊಟ್ಟೆ ಮೈದಾ, ಸಕ್ಕರೆ ಇರುವ ಸಾಮಾನ್ಯ ಶೆಲ್ಫಿನಲ್ಲೇ ಸಿಗುತ್ತದೆ. ನಮ್ಮೂರ ಅಂಗಡಿಗಳಲ್ಲಂತೂ ಮೂವತ್ತರ ಟ್ರೇಗಳನ್ನು ಬಾಗಿಲ ಬಳಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಡಲ್ಲಾಸಿಗೋ ಹೋದ ತಾಯಂದಿರು ಮೊಟ್ಟೆಯ ಪೆಟ್ಟಿಗೆಯನ್ನು ಅಡುಗೆಕಟ್ಟೆಯ ಮೇಲೆ ಬಿಟ್ಟರೆ, “ಅಮ್ಮಾ, ಅದನ್ನ ಹೊರಗೆ ಇಡಬಾರದು” ಎಂಬ ಮಾತು ಬಂದೇ ಬರುತ್ತದೆ. “ನಾವು ಇಷ್ಟು ವರ್ಷ ಹೊರಗೇ ಇಟ್ಟಿಲ್ವೇನೇ?” ಎಂಬ ಉತ್ತರವೂ ಅಷ್ಟೇ ಸಹಜ. ಅಲ್ಲಿನ ಮೊಟ್ಟೆಗೆ ಮಗಳ ಮಾತು ಸರಿ, ಇಲ್ಲಿನ ಮೊಟ್ಟೆಯ ಮಟ್ಟಿಗೆ ತಾಯಿಯ ಅನುಭವವೂ ಸುಳ್ಳಲ್ಲ. ಈ ವ್ಯತ್ಯಾಸ ಹುಟ್ಟುವುದು ಮೊಟ್ಟೆ ಅಂಗಡಿಗೆ ಬರುವ ಮೊದಲು ಅದನ್ನು ತೊಳೆದಿದ್ದಾರೋ ಇಲ್ಲವೋ ಎಂಬುದರಿಂದ.

ಚಿಪ್ಪಿನ ಮೇಲಿನ ತೆಳುಪೊರೆ

ಕೋಳಿಮೊಟ್ಟೆಯ ಚಿಪ್ಪು ನೋಡಲು ಗಟ್ಟಿ, ಆದರೆ ಅದರ ತುಂಬ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಮರಿ ಒಳಗೆ ಬೆಳೆಯುವಾಗ ಉಸಿರಾಟಕ್ಕೆ ಬೇಕಾದ ಗಾಳಿ ಓಡಾಡುವುದು ಈ ರಂಧ್ರಗಳ ಮೂಲಕವೇ. ಗಾಳಿ ಹೋಗುವ ದಾರಿಯಲ್ಲಿ ರೋಗಾಣುವೂ ಹೋಗಬಹುದು. ಅದಕ್ಕೇ ಕೋಳಿ ಮೊಟ್ಟೆಯಿಡುವ ಕೊನೆಯ ಗಳಿಗೆಯಲ್ಲಿ ಚಿಪ್ಪಿನ ಮೇಲೆ ಪ್ರೋಟೀನಿನ ಒಂದು ತೇವದ ಲೇಪ ಬೀಳುತ್ತದೆ. ಆಗತಾನೇ ಇಟ್ಟ ಮೊಟ್ಟೆಯನ್ನು ಕೈಗೆತ್ತಿಕೊಂಡವರು ಈ ತೇವವನ್ನು ಬಲ್ಲರು. ಕೆಲವೇ ನಿಮಿಷಗಳಲ್ಲಿ ಅದು ಒಣಗಿ, ಕಣ್ಣಿಗೆ ಕಾಣದ ಪೊರೆಯಾಗಿ ರಂಧ್ರಗಳ ಬಾಯಿ ಮುಚ್ಚುತ್ತದೆ.

ಈ ಪೊರೆ ಎಷ್ಟು ಕೆಲಸ ಮಾಡುತ್ತದೆಂದು ತಿಳಿಯಲು ಕಾವಿಗೆ ಕೂತ ನಾಟಿ ಕೋಳಿಯನ್ನು ನೋಡಿದರೆ ಸಾಕು. ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಅದು ಕಾವಿಗೆ ಕೂರುತ್ತದೆ. ಅಂದರೆ ಮೊದಲು ಇಟ್ಟ ಮೊಟ್ಟೆ ಅಷ್ಟು ದಿನ ಬುಟ್ಟಿಯಲ್ಲಿ ಹಾಗೇ ಬಿದ್ದಿರುತ್ತದೆ. ಆಮೇಲೆ 21 ದಿನ ಕೋಳಿಯ ಮೈಬಿಸಿಯಲ್ಲಿ, ಹಿಕ್ಕೆ, ಗರಿ, ಧೂಳಿನ ನಡುವೆ ಇರುತ್ತದೆ. ಇಷ್ಟೆಲ್ಲ ಆದರೂ ಕೊಳೆಯದೆ ಮರಿ ಹೊರಬರುತ್ತದೆ. ಮೊಟ್ಟೆಯನ್ನು ಹೊರಗಿಡಬಹುದು ಎನ್ನುವ ದೇಶಗಳ ವಾದದ ಬೇರು ಇಲ್ಲಿದೆ: ಆ ಪೊರೆಯನ್ನು ಕೆಡಿಸಬೇಡಿ, ಅದರ ಕೆಲಸ ಅದು ಮಾಡುತ್ತದೆ.

ಪೊರೆ ದಾಟಿ ಒಳಹೊಕ್ಕ ರೋಗಾಣುವಿಗೂ ಸುಲಭದ ದಾರಿಯಿಲ್ಲ. ಮೊಟ್ಟೆಯ ಬಿಳಿ ಭಾಗದಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಎಂಬ ಕಿಣ್ವವಿದೆ. ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಮಾಡುವ ಇನ್ನೊಂದು ಪ್ರೋಟೀನೂ ಇದೆ. ಪೋಷಕಾಂಶಗಳೆಲ್ಲ ಇರುವುದು ಹಳದಿಯಲ್ಲಿ, ಅದರ ಸುತ್ತ ಮತ್ತೊಂದು ಪೊರೆ. ಆ ಒಳಪೊರೆ ಬಿಗಿಯಾಗಿರುವವರೆಗೆ ರೋಗಾಣು ಬಿಳಿ ಭಾಗದಲ್ಲೇ ಹಸಿದು ಕೂರುತ್ತದೆ. ಮೊಟ್ಟೆ ಹಳತಾದಂತೆ ಪೊರೆ ಸಡಿಲವಾಗಿ, ಹಳದಿಯ ಸಾರ ಬಿಳಿಗೆ ಸೋರುತ್ತದೆ. ಆಗ ಅದಕ್ಕೆ ಹಬ್ಬ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಮೊಟ್ಟೆಯಲ್ಲಿ ಈ ಸ್ಥಿತಿ ಬರಲು ಮೂರು ವಾರದಷ್ಟು ಹಿಡಿಯುತ್ತದೆ. ಬಿಸಿ ಏರಿದಂತೆ ಈ ಅವಧಿ ಬೇಗಬೇಗ ಕುಗ್ಗುತ್ತದೆ. ಈ ಒಂದು ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಇದೇ ಆಧಾರ.

ತೊಳೆಯುವ ಅಮೆರಿಕ

ಅಮೆರಿಕದಲ್ಲಿ ಕೃಷಿ ಇಲಾಖೆಯ ದರ್ಜೆ ಮುದ್ರೆ ಬೀಳಬೇಕಾದರೆ ಮೊಟ್ಟೆಯನ್ನು ತೊಳೆಯಲೇಬೇಕು. ಹಿಕ್ಕೆಯಲ್ಲಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಪ್ಪಿನ ಮೇಲೆ ಉಳಿದು ಊಟಕ್ಕೆ ಸೇರಬಾರದೆಂಬುದು ಉದ್ದೇಶ. ವಾಂತಿ, ಭೇದಿ, ಜ್ವರ ತರುವ ಈ ರೋಗಾಣು ಎಳೆಮಕ್ಕಳಿಗೂ ವಯಸ್ಸಾದವರಿಗೂ ಪ್ರಾಣಕ್ಕೇ ಕಂಟಕವಾಗಬಲ್ಲದು.

ಅಲ್ಲಿ ತೊಳೆಯುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ಮೊಟ್ಟೆಗಳು ಬ್ರಷ್‌ಗಳ ನಡುವೆ ಉರುಳುತ್ತ ಸಾಗುವಾಗ ಮೇಲಿಂದ ಮಾರ್ಜಕ ಬೆರೆತ ನೀರು ಬೀಳುತ್ತದೆ. ಆ ನೀರು ಕನಿಷ್ಠ 32 ಡಿಗ್ರಿ ಬಿಸಿ ಇರಬೇಕು, ಜೊತೆಗೆ ಮೊಟ್ಟೆಗಿಂತ ಕಡಿಮೆಯೆಂದರೂ 11 ಡಿಗ್ರಿ ಹೆಚ್ಚು ಬಿಸಿ ಇರಬೇಕೆಂಬುದು ನಿಯಮ. ಬಳಿಕ ರೋಗಾಣುನಾಶಕ ಬೆರೆಸಿದ ಬಿಸಿನೀರಿನಲ್ಲಿ ಜಾಲಿಸಿ, ಗಾಳಿ ಬೀಸಿ ಪೂರ್ತಿ ಒಣಗಿಸುತ್ತಾರೆ. ಬಿಸಿನೀರೇ ಯಾಕೆ? ತಣ್ಣೀರು ಬಿದ್ದರೆ ಮೊಟ್ಟೆಯ ಒಳಗಿನದು ಕುಗ್ಗುತ್ತದೆ, ಒಳಗೆ ಒತ್ತಡ ಕಡಿಮೆಯಾಗಿ ಚಿಪ್ಪಿನ ಮೇಲಿನ ಕೊಳೆನೀರನ್ನು ರಂಧ್ರಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿನೀರಿನಲ್ಲಿ ಒಳಗಿನದು ಹಿಗ್ಗುವುದರಿಂದ ಹೀಗಾಗುವುದಿಲ್ಲ.

ತೊಳೆದ ಮೊಟ್ಟೆ ಲಕಲಕ ಹೊಳೆಯುತ್ತದೆ, ನಿಜ. ಆದರೆ ಮಾರ್ಜಕ, ಬ್ರಷ್ಷಿನ ತಿಕ್ಕಾಟದಲ್ಲಿ ಮೇಲಿನ ಪೊರೆಯೂ ಬಹುಪಾಲು ಹೋಗಿರುತ್ತದೆ. ರಂಧ್ರಗಳ ಬಾಯಿ ತೆರೆದ ಮೇಲೆ ಉಳಿದ ಕಾವಲು ಒಂದೇ, ತಂಪು. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಲ್ಮೊನೆಲ್ಲಾ ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಲ್ಲಿನ ಕಾನೂನು ಹೇಳುವ ಮಿತಿಯೂ 45 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 7.2 ಸೆಲ್ಸಿಯಸ್. ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ತಂದ ನಿಯಮದ ಪ್ರಕಾರ, 3,000 ಅಥವಾ ಅದಕ್ಕಿಂತ ಹೆಚ್ಚು ಮೊಟ್ಟೆಕೋಳಿ ಸಾಕುವ ಫಾರಂಗಳು ಮೊಟ್ಟೆ ಇಟ್ಟ 36 ಗಂಟೆಯೊಳಗೆ ಅದನ್ನು ಈ ತಂಪಿಗೆ ಸೇರಿಸಬೇಕು. ಅಲ್ಲಿಂದ ಲಾರಿ, ಗೋದಾಮು, ಅಂಗಡಿ ಎಲ್ಲ ಕಡೆಯೂ ತಂಪು ಮುಂದುವರಿಯಬೇಕು.

ಈ ಸರಪಳಿ ನಡುವೆ ತುಂಡಾದರೆ ಏನಾಗುತ್ತದೆಂಬುದನ್ನು ಕಣ್ಣಾರೆ ನೋಡಬಹುದು. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಮಳೆಗಾಲದ ಮಂಗಳೂರಿನಂಥ ತೇವದ ಗಾಳಿಯಲ್ಲಿ ಇಡಿ. ಎರಡು ಮೂರು ನಿಮಿಷದಲ್ಲಿ ಚಿಪ್ಪು ಮಂಕಾಗುತ್ತದೆ, ಆಮೇಲೆ ಸಣ್ಣ ಹನಿಗಳು ಕೂತು, ಕೈಗೆತ್ತಿಕೊಂಡರೆ ಬೆರಳು ಒದ್ದೆಯಾಗುತ್ತದೆ. ಒಣಗಿದ ಚಿಪ್ಪಿನ ಮೇಲೆ ಕದಲಲಾರದ ಬ್ಯಾಕ್ಟೀರಿಯಾಕ್ಕೆ ಈ ತೇವದಲ್ಲಿ ರಂಧ್ರದವರೆಗೆ ಹೋಗಲು ದಾರಿಯಾಗುತ್ತದೆ. ತಂಪಿನಲ್ಲಿದ್ದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ ಎಂದು ಅಮೆರಿಕದ ಕೃಷಿ ಇಲಾಖೆ ಜನರಿಗೆ ಹೇಳುವುದು ಇದಕ್ಕಾಗಿ.

ತೊಳೆಯಲೊಪ್ಪದ ಯುರೋಪು

ಯುರೋಪಿಯನ್ ಒಕ್ಕೂಟದಲ್ಲಿ ನಿಯಮ ಪೂರಾ ತಿರುಗುಮುರುಗು. ಅಂಗಡಿಯಲ್ಲಿ ಮಾರುವ ಎ ದರ್ಜೆಯ ಮೊಟ್ಟೆಯನ್ನು ದರ್ಜೆ ವಿಂಗಡಣೆಗೆ ಮೊದಲಾಗಲಿ ಆಮೇಲಾಗಲಿ ತೊಳೆಯುವಂತಿಲ್ಲ. ಮೊದಲಿನಿಂದ ತೊಳೆಯುತ್ತ ಬಂದಿದ್ದ ಸ್ವೀಡನ್ನಿನಂಥ ಕಡೆ ಮಾತ್ರ ವಿನಾಯಿತಿ ಇತ್ತು. ಮೊಟ್ಟೆ ಸಂಗ್ರಹಿಸುವ ಜಾಗವನ್ನು 5 ಡಿಗ್ರಿಗಿಂತ ಕೆಳಗೆ ತಂಪು ಮಾಡುವುದಕ್ಕೂ ಅಡ್ಡಿಯಿದೆ, ಅಂಗಡಿಗೆ ಬರುವಾಗ ಮೊಟ್ಟೆ ತೇವ ಹಿಡಿಯಬಾರದೆಂದು. ಕೊಳಕಾದ ಮೊಟ್ಟೆಯನ್ನು ತೊಳೆದು ಚೆಂದ ಮಾಡಿ ಮಾರುವ ದಾರಿಯೇ ಇಲ್ಲದ್ದರಿಂದ ಅದು ಎ ದರ್ಜೆಯಿಂದ ಕೆಳಗಿಳಿದು, ಆಹಾರ ಕಾರ್ಖಾನೆಗೆ ಕಡಿಮೆ ಬೆಲೆಗೆ ಹೋಗುತ್ತದೆ. ಹೀಗಾಗಿ ಗೂಡನ್ನೂ ಕೊಟ್ಟಿಗೆಯನ್ನೂ ಚೊಕ್ಕಟವಾಗಿ ಇಟ್ಟುಕೊಳ್ಳುವುದರಲ್ಲೇ ಫಾರಂನವರಿಗೆ ಲಾಭ. ಕೊಳೆಯನ್ನು ಆಮೇಲೆ ತೊಳೆಯುವುದಕ್ಕಿಂತ ಮೊದಲೇ ತಡೆಯುವ ಈ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆದರೆ ಚಿಪ್ಪು ಎಷ್ಟೇ ಶುಭ್ರವಾಗಿದ್ದರೂ ಸಾಲ್ಮೊನೆಲ್ಲಾದ ಒಂದು ಬಗೆ ಕೋಳಿಯ ಅಂಡಾಶಯಕ್ಕೇ ಸೇರಿಕೊಂಡು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಕೂತಿರುತ್ತದೆ. ಅದನ್ನು ತೊಳೆದು ತೆಗೆಯುವುದು ಸಾಧ್ಯವೇ ಇಲ್ಲ. ಅಮೆರಿಕದಲ್ಲಿ ಮಾಡಿದ ಒಂದು ಅಂದಾಜಿನಂತೆ ಇಪ್ಪತ್ತು ಸಾವಿರ ಮೊಟ್ಟೆಗಳಲ್ಲಿ ಒಂದು ಹೀಗಿರುತ್ತದೆ. ಇದನ್ನು ಬ್ರಿಟನ್ ಕಹಿಯಾಗಿಯೇ ಕಲಿಯಿತು. 1988ರ ಡಿಸೆಂಬರಿನಲ್ಲಿ ಆರೋಗ್ಯ ಖಾತೆಯ ಕಿರಿಯ ಸಚಿವೆ ಎಡ್ವಿನಾ ಕರಿ, ದೇಶದ ಮೊಟ್ಟೆ ಉತ್ಪಾದನೆಯ ಬಹುಪಾಲಿಗೆ ಸಾಲ್ಮೊನೆಲ್ಲಾ ತಗುಲಿದೆ ಎಂದುಬಿಟ್ಟರು. ಮೊಟ್ಟೆ ಮಾರಾಟ ದಿಢೀರನೆ ಕುಸಿಯಿತು, ಎರಡು ವಾರದೊಳಗೆ ಅವರು ರಾಜೀನಾಮೆ ಕೊಡಬೇಕಾಯಿತು. ಅವರ ಮಾತು ಅತಿಯಾಗಿತ್ತು, ಆದರೆ ರೋಗ ಇದ್ದದ್ದು ನಿಜ. ಹತ್ತು ವರ್ಷದ ಬಳಿಕ, 1998ರಲ್ಲಿ, ಮೊಟ್ಟೆ ಉದ್ಯಮ ಸಿಂಹದ ಮುದ್ರೆಯ ಯೋಜನೆಯೊಂದನ್ನು ತಂದಿತು. ಈ ಮುದ್ರೆ ಬೇಕಾದರೆ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿಸಿರಲೇಬೇಕು. ಮೊಟ್ಟೆಯಿಂದ ಬರುತ್ತಿದ್ದ ಕಾಯಿಲೆ ಅಲ್ಲಿಂದ ಇಳಿಯುತ್ತ ಹೋಯಿತು. 2017ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ, ಸಿಂಹಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರೂ ಎಳೆಮಕ್ಕಳೂ ವಯಸ್ಸಾದವರೂ ಅರೆಬೆಂದದ್ದಾಗಿಯೇ ತಿನ್ನಬಹುದು ಎಂದು ಸಲಹೆಯನ್ನು ಬದಲಿಸಿತು. ಒಕ್ಕೂಟದ ದೇಶಗಳ ಪೈಕಿ ಸೋಂಕು ಹೆಚ್ಚಿದ್ದ ಕಡೆ 2008ರಿಂದ ಲಸಿಕೆ ಕಡ್ಡಾಯವಾಗಿದೆ. ಅಮೆರಿಕದ ಕೇಂದ್ರ ಸರ್ಕಾರ ಲಸಿಕೆಯನ್ನು ಕಡ್ಡಾಯ ಮಾಡಲಿಲ್ಲ. ಅಲ್ಲಿ ಅನೇಕ ಫಾರಂಗಳು ತಾವಾಗಿಯೇ ಹಾಕಿಸುತ್ತವೆ, ಅಷ್ಟೆ.

ಹಾಗಾಗಿ ಲಂಡನ್ನಿನ ಶೆಲ್ಫಿನ ಮೇಲಿರುವ ಮೊಟ್ಟೆಯ ಬೆನ್ನಿಗೆ ನಾಲ್ಕು ಸಂಗತಿಗಳಿವೆ: ಪೊರೆ ಹಾಗೇ ಇದೆ, ಕೋಳಿಗೆ ಲಸಿಕೆಯಾಗಿದೆ, ಮೊಟ್ಟೆ ಇಟ್ಟ ದಿನದಿಂದ 28 ದಿನ ಎಣಿಸಿ ತಾರೀಖು ಮುದ್ರಿಸಿದ್ದಾರೆ, ಮತ್ತು ಅಂಗಡಿಯೊಳಗೆ ವರ್ಷವಿಡೀ ಇಪ್ಪತ್ತರ ಆಸುಪಾಸಿನ ಹವೆ. ಇಷ್ಟಾದರೂ ಮೊಟ್ಟೆಯನ್ನು ಮನೆಗೆ ಒಯ್ದ ಮೇಲೆ ಫ್ರಿಜ್ಜಿನಲ್ಲಿಡಿ ಎಂದೇ ಅಲ್ಲಿನವರಿಗೂ ಹೇಳುತ್ತಾರೆ, ಏಕೆಂದರೆ ಒಲೆ ಉರಿಯುವ ಅಡುಗೆಮನೆಯ ಬಿಸಿ ಏರಿಳಿಯುತ್ತಲೇ ಇರುತ್ತದೆ. “ಯುರೋಪಿನಲ್ಲಿ ಯಾರೂ ಮೊಟ್ಟೆ ಫ್ರಿಜ್ಜಿನಲ್ಲಿಡುವುದಿಲ್ಲ” ಎಂದು ವಾಟ್ಸ್ಆ್ಯಪ್ಪಿನಲ್ಲಿ ಓಡಾಡುವ ಸಂದೇಶಗಳು ಈ ಕಡೆಯ ಭಾಗವನ್ನು ಬಿಟ್ಟುಬಿಡುತ್ತವೆ.

ಜಪಾನಿನದು ಮೂರನೆಯ ದಾರಿ. ಅಲ್ಲಿ ಬಿಸಿ ಅನ್ನಕ್ಕೆ ಹಸಿಮೊಟ್ಟೆ ಒಡೆದು ಹಾಕಿಕೊಂಡು ತಿನ್ನುತ್ತಾರೆ. ಮೊಟ್ಟೆ ತೊಳೆದು ಮಾರುತ್ತಾರೆ, ಹಸಿಯಾಗಿ ಎಷ್ಟು ದಿನ ತಿನ್ನಬಹುದೆಂಬ ಲೆಕ್ಕದಲ್ಲೇ ತಾರೀಖು ಹಾಕುತ್ತಾರೆ. ಆ ಅವಧಿ ಚಳಿಗಾಲದಲ್ಲಿ 57 ದಿನದವರೆಗೆ ಇದ್ದರೆ ಬೇಸಿಗೆಯಲ್ಲಿ 16 ದಿನಕ್ಕೆ ಇಳಿಯುತ್ತದೆ.

ನಮ್ಮ ಮೂವತ್ತರ ಟ್ರೇ

ನಮ್ಮ ಅಂಗಡಿಯ ಬಿಡಿ ಮೊಟ್ಟೆ ಸಾಮಾನ್ಯವಾಗಿ ತೊಳೆಯದ್ದು. ಚಿಪ್ಪಿನ ಮೇಲೆ ಅಲ್ಲಲ್ಲಿ ಹಿಕ್ಕೆಯ ಕಲೆ, ಒಂದೆರಡು ಎಳೆ ಗರಿ ಕಾಣುವುದೇ ಅದಕ್ಕೆ ಸಾಕ್ಷಿ. ಅಷ್ಟರ ಮಟ್ಟಿಗೆ ನಾವು ಯುರೋಪಿನ ಸಾಲಿನವರು. ಉಳಿದ ಮೂರು ಸಂಗತಿಗಳು ನಮ್ಮ ಕೈಯಲ್ಲಿಲ್ಲ. ಟ್ರೇಯಲ್ಲಿ ಬರುವ ಮೊಟ್ಟೆಯ ಮೇಲೆ ತಾರೀಖಿಲ್ಲ. ಕೋಳಿಗೆ ಲಸಿಕೆಯಾಗಿದೆಯೋ ಇಲ್ಲವೋ ಕೊಳ್ಳುವವರಿಗೆ ತಿಳಿಯುವುದಿಲ್ಲ. ಹವೆಯಂತೂ ಇಪ್ಪತ್ತಕ್ಕೆ ನಿಲ್ಲುವುದೇ ಇಲ್ಲ.

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ನಾಲ್ವರ ಮನೆಯೊಂದು ಒಂದು ಟ್ರೇ ತಂದಿತೆನ್ನಿ. ಹೊಸಪೇಟೆ ಕಡೆಯ ಫಾರಂನಿಂದ ಸಗಟು ವ್ಯಾಪಾರಿ, ಅಲ್ಲಿಂದ ಬೀದಿಯಂಗಡಿ. ಮನೆಗೆ ಬರುವ ಹೊತ್ತಿಗೆ ಮೊಟ್ಟೆ ಇಟ್ಟು ನಾಲ್ಕು ದಿನವಾಗಿತ್ತೆಂದು ಇಟ್ಟುಕೊಳ್ಳೋಣ. ದಿನಕ್ಕೆ ಮೂರು ಖರ್ಚಾದರೂ ಕೊನೆಯ ಮೊಟ್ಟೆ ಒಡೆಯುವಾಗ ಅದಕ್ಕೆ ಎರಡು ವಾರ. ಇಪ್ಪತ್ತು ಡಿಗ್ರಿಯಲ್ಲಿ ಎರಡು ವಾರ ದೊಡ್ಡ ಮಾತಲ್ಲ. ಆದರೆ ಹಗಲು 40 ದಾಟುವ, ಇರುಳೂ ತಂಪಾಗದ ಮನೆಯಲ್ಲಿ ಹಳದಿಯ ಪೊರೆ ಅದಕ್ಕೆ ಬಹಳ ಮೊದಲೇ ಸಡಿಲವಾಗಿರುತ್ತದೆ. ಬಾಣಲೆಗೆ ಒಡೆದಾಗ ಹಳದಿ ಉಬ್ಬಿ ನಿಲ್ಲದೆ ಚಪ್ಪಟೆಯಾಗಿ ಹರಡುವುದು, ಬಿಳಿ ನೀರಿನಂತೆ ಓಡುವುದು, ಮುಟ್ಟಿದರೆ ಹಳದಿ ಒಡೆದುಹೋಗುವುದು, ಇವೆಲ್ಲ ಆ ಸಡಿಲಿಕೆಯ ಗುರುತು. ಅಂಥ ಮೊಟ್ಟೆ ಕೆಟ್ಟಿದೆಯೆಂದಲ್ಲ, ಅದನ್ನು ಹಾಫ್ ಬಾಯಿಲ್ ಮಾಡದೆ ಚೆನ್ನಾಗಿ ಬೇಯಿಸಿ ತಿನ್ನಬೇಕೆಂದರ್ಥ. ಅದೇ ಟ್ರೇಯನ್ನು ತಂದ ದಿನವೇ ಫ್ರಿಜ್ಜಿನಲ್ಲಿಟ್ಟಿದ್ದರೆ ಕೊನೆಯ ಮೊಟ್ಟೆಯಲ್ಲೂ ಹಳದಿ ಗುಂಡಗೆ ನಿಲ್ಲುವ ಸಾಧ್ಯತೆ ಹೆಚ್ಚು.

ಆದ್ದರಿಂದ ನಮ್ಮ ಬಯಲುಸೀಮೆಯ ಬೇಸಿಗೆಗೆ ನನ್ನ ಸಲಹೆ ಸ್ಪಷ್ಟ: ತೊಳೆಯದೆ ಫ್ರಿಜ್ಜಿನಲ್ಲಿಡಿ, ಇಟ್ಟ ಮೇಲೆ ಬಳಸುವವರೆಗೆ ಅಲ್ಲೇ ಇರಲಿ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇರುವವರು ಚಳಿಗಾಲದಲ್ಲಿ ವಾರಕ್ಕಾಗುವಷ್ಟು ಮೊಟ್ಟೆಯನ್ನು ಹೊರಗಿಟ್ಟುಕೊಂಡರೆ ತೊಂದರೆಯಿಲ್ಲ. ಫ್ರಿಜ್ ಇಲ್ಲದ ಮನೆಯವರು ಟ್ರೇ ಅಗ್ಗವೆಂದು ತರದೆ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ತಂದು, ಒಲೆಯಿಂದ ದೂರ, ಬಿಸಿಲು ಬೀಳದ ಮೂಲೆಯಲ್ಲಿ ಇಡುವುದು ಒಳ್ಳೆಯದು.

ತೊಳೆಯುವ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತರಕಾರಿ ತೊಳೆದ ಹಾಗೆ ಮೊಟ್ಟೆಯನ್ನೂ ಅಂಗಡಿಯಿಂದ ತಂದ ಕೂಡಲೇ ನಲ್ಲಿಯ ಕೆಳಗೆ ತೊಳೆದಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಸ್ವಚ್ಛತೆಯ ಆಸೆ ಒಳ್ಳೆಯದೇ, ಆದರೆ ಇದು ಎರಡೂ ಪದ್ಧತಿಗಳ ಕೆಟ್ಟ ಭಾಗವನ್ನು ಒಟ್ಟುಗೂಡಿಸುತ್ತದೆ. ಬಿಸಿಲಲ್ಲಿ ಬಂದ ಮೊಟ್ಟೆ 31 ಡಿಗ್ರಿ ಇದೆ, ಸಂಪಿನಿಂದ ಬರುವ ನೀರು 24 ಡಿಗ್ರಿ ಇದೆಯೆನ್ನಿ. ಅಮೆರಿಕದ ಲೆಕ್ಕದಲ್ಲಿ ಈ ಮೊಟ್ಟೆಗೆ 42 ಡಿಗ್ರಿಯ ನೀರು ಬೇಕಿತ್ತು. ಇಲ್ಲಿ ನೀರೇ ಮೊಟ್ಟೆಗಿಂತ ತಣ್ಣಗಿದೆ, ಹಾಗಾಗಿ ಕಲೆಯ ಜೊತೆಗಿನ ಕೊಳೆ ಒಳಗೇ ಎಳೆದುಕೊಳ್ಳುವ ಅಪಾಯ. ಪೊರೆಯೂ ಸವೆಯಿತು, ರೋಗಾಣುನಾಶಕವೂ ಇಲ್ಲ, ಚಿಪ್ಪು ಒದ್ದೆಯಾಗಿಯೇ ಉಳಿಯಿತು. ಒಣಕಲೆಯಿದ್ದರೆ ಒಣಬಟ್ಟೆಯಿಂದಲೋ ಕಾಗದದಿಂದಲೋ ಮೆಲ್ಲಗೆ ಒರೆಸಿ. ತೊಳೆಯಲೇಬೇಕೆನಿಸಿದರೆ ಒಡೆಯುವ ಮುಂಚೆ ಮಾತ್ರ, ಅದೂ ಬೆಚ್ಚನೆಯ ನೀರಿನಲ್ಲಿ ತೊಳೆದು ಆಗಲೇ ಬಳಸಿ. ಪೆಟ್ಟಿಗೆಯಲ್ಲಿ ಮುಚ್ಚಿ ತಾರೀಖು ಹಾಕಿ ಮಾರುವ ಬ್ರ್ಯಾಂಡಿನ ಮೊಟ್ಟೆಗಳನ್ನು ತೊಳೆದೇ ಕಳಿಸಿರಬಹುದು. ಚಿಪ್ಪು ಅತಿ ನುಣುಪಾಗಿ, ಒಂದೂ ಕಲೆಯಿಲ್ಲದೆ ಇದ್ದರೆ ಅದನ್ನು ತೊಳೆದ ಮೊಟ್ಟೆಯೆಂದೇ ಭಾವಿಸಿ ಫ್ರಿಜ್ಜಿಗೆ ಸೇರಿಸಿ.

ಫ್ರಿಜ್ಜಿನೊಳಗೂ ಜಾಗ ಮುಖ್ಯ. ಬಾಗಿಲಲ್ಲಿ ಮೊಟ್ಟೆಗೆಂದೇ ಗುಳಿಗಳನ್ನು ಮಾಡಿಟ್ಟಿದ್ದರೂ ಅದು ಸರಿಯಾದ ಜಾಗವಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ಅಲ್ಲಿಗೇ ಮೊದಲು ಬಿಸಿಗಾಳಿ ತಾಗುತ್ತದೆ. ಒಳಗಿನ ತಟ್ಟೆಯಲ್ಲಿ, ಮುಚ್ಚಳದ ಡಬ್ಬಿಯಲ್ಲಿ, ಚೂಪು ತುದಿ ಕೆಳಗಾಗುವಂತೆ ಇಡಿ. ಅಗಲ ತುದಿಯಲ್ಲಿರುವ ಗಾಳಿಗೂಡು ಮೇಲಿದ್ದರೆ ಹಳದಿ ನಡುವೆಯೇ ನಿಲ್ಲುತ್ತದೆ. ರಂಧ್ರಗಳ ಮೂಲಕ ವಾಸನೆಯೂ ಒಳಸೇರುವುದರಿಂದ ಹೆಚ್ಚಿದ ಈರುಳ್ಳಿ, ಒಣಮೀನಿನ ಪಕ್ಕ ಬೇಡ.

ಮೊಟ್ಟೆ ಎಷ್ಟು ಹಳತೆಂದು ತಿಳಿಯಲು ಆ ಗಾಳಿಗೂಡನ್ನೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೊಟ್ಟೆಯ ಅಗಲ ತುದಿಗೆ ಒತ್ತಿ ಹಿಡಿಯಿರಿ. ಚಿಪ್ಪು ಕಿತ್ತಳೆ ಬಣ್ಣದಲ್ಲಿ ಬೆಳಗಿ, ತುದಿಯಲ್ಲಿ ಒಂದು ತಿಳಿ ಕಮಾನು ಕಾಣುತ್ತದೆ. ಯುರೋಪಿನ ಎ ದರ್ಜೆಗೆ ಈ ಗಾಳಿಗೂಡಿನ ಎತ್ತರ 6 ಮಿಲಿಮೀಟರ್ ಮೀರಬಾರದು. ದಿನ ಕಳೆದಂತೆ ಮೊಟ್ಟೆಯೊಳಗಿನ ನೀರು ಆವಿಯಾಗಿ ಇದು ದೊಡ್ಡದಾಗುತ್ತದೆ. ಹಳೆಯ ಮೊಟ್ಟೆ ನೀರಿನಲ್ಲಿ ತೇಲುವುದೂ ಇದರಿಂದಲೇ. ಆದರೆ ಟಾರ್ಚಾಗಲಿ ನೀರಿನ ಪರೀಕ್ಷೆಯಾಗಲಿ ಹೇಳುವುದು ವಯಸ್ಸನ್ನು ಮಾತ್ರ. ಸಾಲ್ಮೊನೆಲ್ಲಾ ಇರುವ ಮೊಟ್ಟೆ ಮುಳುಗಿಯೂ ಕೂರಬಹುದು, ಅದಕ್ಕೆ ವಾಸನೆಯಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಅದನ್ನು ಕೊಲ್ಲುವುದು ಬೆಂಕಿಯೊಂದೇ. ಹಳದಿ, ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಬೇಕು. ಮೊಟ್ಟೆ ಸೇರಿಸಿದ ಪದಾರ್ಥಗಳ ಒಳಗಿನ ಬಿಸಿ 71 ಡಿಗ್ರಿ ಮುಟ್ಟಬೇಕೆಂಬುದು ಅಮೆರಿಕದ ಅಳತೆ.

ಬೇಯಿಸಿಟ್ಟ ಮೊಟ್ಟೆ ಹಸಿಮೊಟ್ಟೆಗಿಂತ ಹೆಚ್ಚು ದಿನ ಉಳಿಯುತ್ತದೆಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಕುದಿಯುವ ನೀರು ಪೊರೆಯನ್ನು ತೆಗೆದುಹಾಕುತ್ತದೆ, ಬಿಳಿ ಭಾಗದ ಕಾವಲೂ ಬೆಂದು ಹೋಗಿರುತ್ತದೆ. ಮಕ್ಕಳ ಡಬ್ಬಿಗೆ, ಪ್ರಯಾಣಕ್ಕೆ ಮೊಟ್ಟೆ ಬೇಯಿಸಿಕೊಡುವವರು ಇದನ್ನು ಗಮನಿಸಬೇಕು. ಬೆಂದ ಮೊಟ್ಟೆಯನ್ನು ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.